ಗಿರಣಿಯ ಸದ್ದು, ಗೋಡೆಯ ಲೆಕ್ಕ

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಂತಹ ಊರೊಂದರ ಅಂಚಿನಲ್ಲಿ ಅಕ್ಕಿ ಗಿರಣಿಯೊಂದು ಇದೆಯೆಂದು ಭಾವಿಸೋಣ. ಸುಗ್ಗಿಯಲ್ಲಿ ಭತ್ತ ರಾಶಿಗಟ್ಟಲೆ ಬರುವುದರಿಂದ ಯಜಮಾನರು ಅಷ್ಟೇ ಸಾಮರ್ಥ್ಯದ ಮತ್ತೊಂದು ಯಂತ್ರಶ್ರೇಣಿಯನ್ನು ಜೋಡಿಸಿ, ರಾತ್ರಿಯೂ ಓಡಿಸಬೇಕೆಂದಿದ್ದಾರೆ. ಹೊಟ್ಟು ತೂರುವ ಬ್ಲೋವರಿನಿಂದ 60 ಮೀಟರು ದೂರದಲ್ಲಿ ಒಂದು ಮನೆಯಿದೆ. ಆ ಮನೆಯವರಿಗೆ ನಿದ್ರೆ ಉಳಿದೀತೇ ಎಂಬುದನ್ನು ಶಬ್ದಸಮೀಕ್ಷೆಯ ವರದಿ ಹೇಳಬೇಕು. ಇಲ್ಲಿ ಕೊಡುವ ಅಳತೆಗಳು ಉದಾಹರಣೆಗಾಗಿ ನಾವು ಆರಿಸಿಕೊಂಡವು. ಲೆಕ್ಕದ ಕ್ರಮ ಮಾತ್ರ ನಿಜವಾದ ವರದಿಯದೇ.

ಮೊದಲು ಮಿತಿಯ ಮಾತು. ಭಾರತದಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳು ಕೈಗಾರಿಕಾ ಪ್ರದೇಶಕ್ಕೆ ಹಗಲು 75, ರಾತ್ರಿ 70 ಡೆಸಿಬೆಲ್ಲುಗಳನ್ನೂ, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ಲುಗಳನ್ನೂ ಗೊತ್ತುಪಡಿಸಿವೆ. ರಾತ್ರಿಯೆಂದರೆ 10 ಗಂಟೆಯಿಂದ ಬೆಳಗಿನ 6ರವರೆಗೆ. ಗಿರಣಿಯ ಆವರಣದಲ್ಲಿ ಮಟಮಟ ಮಧ್ಯಾಹ್ನ ಅಳೆದು, "75ರ ಒಳಗಿದೆ" ಎಂದು ಬರೆದ ವರದಿ ಸುಳ್ಳಲ್ಲ; ಆದರೆ ಅದು ಕೇಳಬೇಕಾದ ಪ್ರಶ್ನೆಗೆ ಕೊಟ್ಟ ಉತ್ತರವಲ್ಲ. ಮಾಪಕವನ್ನು ಮನೆಯ ಮುಂದೆ, ಗೋಡೆಯ ಪ್ರತಿಫಲನ ತಾಗದಷ್ಟು ದೂರದಲ್ಲಿ, ಕಿವಿಯ ಎತ್ತರದಲ್ಲಿ, ರಾತ್ರಿಯೇ ಇರಿಸಬೇಕು.

ಈ ಮಿತಿಗಳೆಲ್ಲ ಕಾಲಾವಧಿಯ ಸರಾಸರಿಗೆ ಸಂಬಂಧಿಸಿದವು. ಆದರೆ ಇಲ್ಲಿ ಸಾಮಾನ್ಯ ಸರಾಸರಿ ನಡೆಯದು. ಅರ್ಧ ಗಂಟೆ 60, ಇನ್ನರ್ಧ ಗಂಟೆ 40 ಡೆಸಿಬೆಲ್ ಇದ್ದರೆ ಸರಾಸರಿ 50 ಆಗದೆ 57 ಆಗುತ್ತದೆ. ಕಾರಣವಿಷ್ಟೆ: ಡೆಸಿಬೆಲ್ ಲಘುಗಣಕದ ಮಾನ, 60ರಲ್ಲಿರುವ ಶಕ್ತಿ 40ರಲ್ಲಿರುವುದರ ನೂರು ಪಾಲು. ಸರಾಸರಿ ತೆಗೆಯಬೇಕಾದದ್ದು ಶಕ್ತಿಗೆ. ಸಂಖ್ಯೆಗಳನ್ನು ಸುಮ್ಮನೆ ಕೂಡಿ ಭಾಗಿಸಿದ ವರದಿ ಸದ್ದನ್ನು ಕಾಗದದ ಮೇಲೆಯೇ ತಗ್ಗಿಸಿಬಿಡುತ್ತದೆ.

ನಮ್ಮ ಮನೆಯ ಮುಂದೆ ರಾತ್ರಿ 11ಕ್ಕೆ ಗಿರಣಿ ನಿಂತಿರುವಾಗ 42, ಪರೀಕ್ಷೆಗೆಂದು ಓಡಿಸಿದಾಗ 56 ಡೆಸಿಬೆಲ್ ದೊರೆಯಿತೆನ್ನೋಣ. ಅಷ್ಟೇ ಸದ್ದಿನ ಎರಡನೆಯ ಶ್ರೇಣಿ ಸೇರಿದರೆ ಶಕ್ತಿ ಇಮ್ಮಡಿಯಾಗುತ್ತದೆ. ಮಟ್ಟ 3 ಡೆಸಿಬೆಲ್ ಏರಿ 59 ಆಗುತ್ತದೆ. ಮಿತಿ 45. ಕಳೆಯಬೇಕಾದದ್ದು 14.

ಇದಕ್ಕೆ ಸಾಮಾನ್ಯವಾಗಿ ಸೂಚಿಸುವ ಉಪಾಯ ಗೋಡೆ. ಇಟ್ಟಿಗೆಯ ಗೋಡೆಯ ಮೂಲಕ ಹಾಯ್ದು ಬರುವ ಸದ್ದು ಅತ್ಯಲ್ಪ. ತೊಂದರೆ ಕೊಡುವುದು ಗೋಡೆಯ ನೆತ್ತಿಯ ಮೇಲೆ ಬಾಗಿ ಬರುವ ಸದ್ದು. ಇದೇ ವಿವರ್ತನೆ. ಬ್ಲೋವರಿನ ಬಾಯಿ ನೆಲದಿಂದ 2 ಮೀಟರು, ಕೇಳುವವರ ಕಿವಿ 1.5 ಮೀಟರು, ಬ್ಲೋವರಿನಿಂದ 5 ಮೀಟರು ದೂರದಲ್ಲಿ ಕಟ್ಟಿದ ಗೋಡೆ 4 ಮೀಟರು ಎತ್ತರವಾಗಿರಲಿ. ನೆತ್ತಿಯನ್ನು ಬಳಸಿ ಬರುವ ದಾರಿ ನೇರ ದಾರಿಗಿಂತ 0.44 ಮೀಟರು ಉದ್ದ. ಈ ಹೆಚ್ಚುವರಿ ದೂರವನ್ನು ತರಂಗಾಂತರದ ಅರ್ಧದಿಂದ ಭಾಗಿಸಿದರೆ N ಎಂಬ ಸಂಖ್ಯೆ ಸಿಗುತ್ತದೆ. ಗೋಡೆ ತಗ್ಗಿಸುವ ಸದ್ದು ಸುಮಾರು 10 log(3 + 20N) ಡೆಸಿಬೆಲ್. ಜಪಾನಿನ ಮಾಯೆಕಾವಾ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳ ಫಲಕ್ಕೆ ಈ ಸೂತ್ರ ಹೊಂದುತ್ತದೆ.

ಸೆಕೆಂಡಿಗೆ 500 ಕಂಪನಗಳ ಸ್ವರಕ್ಕೆ ತರಂಗಾಂತರ 0.68 ಮೀಟರು, N ಸುಮಾರು 1.3, ತಗ್ಗುವುದು 14.6 ಡೆಸಿಬೆಲ್. ಸದ್ದೆಲ್ಲ ಇದೇ ಸ್ವರದ್ದಾದರೆ 59 ಇಳಿದು 44.4 ಆಯಿತು, ಗೆದ್ದೆವೆಂದು ತೋರುತ್ತದೆ. ಆದರೆ ಗಿರಣಿ ನಿಂತಾಗಲೂ ಇದ್ದ 42 ಇದರೊಡನೆ ಕೂಡಿದರೆ ಮೊತ್ತ 46ನ್ನು ದಾಟುತ್ತದೆ. ಇನ್ನು ಬ್ಲೋವರಿನ ಗುಂಯ್‌ಗುಟ್ಟುವ ತಗ್ಗು ಸ್ವರ, ಸೆಕೆಂಡಿಗೆ 125 ಕಂಪನಗಳದು ಎನ್ನೋಣ, ಅದರ ತರಂಗಾಂತರ 2.7 ಮೀಟರು. ಅಷ್ಟು ದೊಡ್ಡ ಅಲೆ ಗೋಡೆಯನ್ನು ಸಲೀಸಾಗಿ ಬಳಸಿ ಬರುತ್ತದೆ. ತಗ್ಗುವುದು 10 ಡೆಸಿಬೆಲ್ಲಿಗಿಂತ ಕಡಿಮೆ. ಗೋಡೆ ಕಟ್ಟಿದ ಮೇಲೆ "ಕಿರಿಕಿರಿ ಹೋಯಿತು, ಗುಂಯ್‌ ಎನ್ನುವುದು ಉಳಿಯಿತು" ಎಂದು ನೆರೆಯವರು ಹೇಳಿದರೆ ಅದು ಬರಿಯ ಭ್ರಮೆಯಲ್ಲ.

ಅದೇ ಗೋಡೆಯನ್ನು ನಡುದಾರಿಯಲ್ಲಿ, 30 ಮೀಟರಿನಲ್ಲಿ ಕಟ್ಟಿದರೆ ಹೆಚ್ಚುವರಿ ದೂರ 0.17 ಮೀಟರಿಗೆ ಇಳಿದು, 14.6ರ ಬದಲು 11 ಮಾತ್ರ ತಗ್ಗುತ್ತದೆ. ಗೋಡೆ ಸದ್ದಿನ ಮೂಲಕ್ಕಾಗಲಿ ಮನೆಗಾಗಲಿ ಹತ್ತಿರವಿರಬೇಕು. ಲಾರಿ ಬರಲೆಂದು ಮನೆಯ ದಿಕ್ಕಿಗೇ ಬಾಗಿಲು ಬಿಟ್ಟರಂತೂ ಲೆಕ್ಕವೆಲ್ಲ ಆ ಸಂದಿನಲ್ಲೇ ಹರಿದುಹೋಗುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲದ ಬಳಿಯ ಗಾಳಿ ಮೇಲಿನದಕ್ಕಿಂತ ತಣ್ಣಗಾಗಿ ಸದ್ದು ಕೆಳಕ್ಕೆ ಬಾಗುವುದೂ ಉಂಟು. ಆಗ ಸೂತ್ರ ಕೊಟ್ಟ ಸಂಖ್ಯೆಯಲ್ಲಿ ಒಂದಷ್ಟು ಕೈಬಿಡುತ್ತದೆ.

ಆದುದರಿಂದ ಗೋಡೆಯೊಂದನ್ನೇ ಸೂಚಿಸುವ ವರದಿಗೆ ನಾವು ಒಪ್ಪಿಗೆ ಕೊಡಲಾರೆವು. ಬ್ಲೋವರಿನ ಬಾಯಿಗೆ ಸೈಲೆನ್ಸರು ಹಾಕಿ ಗದ್ದೆಯ ಕಡೆಗೆ ತಿರುಗಿಸಬೇಕು, ಹೊಸ ಶ್ರೇಣಿಯನ್ನು ಕಟ್ಟಡದ ಆಚೆಯ ಬದಿಗೆ ಇಡಬೇಕು, ಆಮೇಲೆ ಗೋಡೆ. ಎಲ್ಲವೂ ಆದ ಬಳಿಕ ಎರಡೂ ಶ್ರೇಣಿಗಳನ್ನು ಓಡಿಸಿ, ಅದೇ ಮನೆಯ ಮುಂದೆ, ಅದೇ ರಾತ್ರಿ 11 ಗಂಟೆಗೆ ಮತ್ತೆ ಅಳೆಯಬೇಕು. ಮುಳ್ಳು 45ರ ಮೇಲಿದ್ದರೆ ಹೊಸ ಶ್ರೇಣಿ ಹಗಲಿನಲ್ಲಿ ಮಾತ್ರ ಓಡಲಿ. ಅದೂ ಆ ಮನೆಯ ಮುಂದೆ ಹಗಲಿನ ಮಿತಿಯಾದ 55 ಮೀರದಿದ್ದರೆ.