ನಿಮಗಿದು ಗೊತ್ತೆ? ತೋಫು ಮೇಲೋ, ಪನೀರ್ ಮೇಲೋ

ನೂರು ಗ್ರಾಂ ಪನೀರ್‌ನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್, 22 ಗ್ರಾಂ ಕೊಬ್ಬು, 280 ಕ್ಯಾಲೊರಿ. ಅಷ್ಟೇ ತೂಕದ ಗಟ್ಟಿ ತೋಫುವಿನಲ್ಲಿ 12 ಗ್ರಾಂ ಪ್ರೋಟೀನ್, 7 ಗ್ರಾಂ ಕೊಬ್ಬು, 120 ಕ್ಯಾಲೊರಿ. ಹಾಗಾದರೆ ಪನೀರೇ ಮುಂದೆ? ತಟ್ಟೆಗೆ ಬಂದಾಗ ಲೆಕ್ಕ ಬದಲಾಗುತ್ತದೆ. ಪಾಲಕ್ ಪನೀರ್‌ನ ಒಂದು ಪಾಲಿಗೆ 50 ಗ್ರಾಂ ಬಿದ್ದರೆ ಸಿಗುವುದು 9 ಗ್ರಾಂ ಪ್ರೋಟೀನ್, 140 ಕ್ಯಾಲೊರಿ. ಬದಲಿಗೆ 100 ಗ್ರಾಂ ತೋಫು ಹಾಕಿದರೂ ಕ್ಯಾಲೊರಿ 120 ದಾಟದು. ಪ್ರೋಟೀನ್ ಮಾತ್ರ 12 ಗ್ರಾಂಗೆ ಏರುತ್ತದೆ. ಆದರೆ ತೋಫು ಹುರಿಯಲು ಒಂದು ದೊಡ್ಡ ಚಮಚ ಎಣ್ಣೆ ಸುರಿದಿರೋ, ಅದರಿಂದಲೇ ಇನ್ನೂ 120 ಕ್ಯಾಲೊರಿ! ನೀರಿನಂಶ ಹೆಚ್ಚಿರುವ ಮೆತ್ತನೆಯ ‘ಸಿಲ್ಕನ್’ ತೋಫುವಿನಲ್ಲಂತೂ ಪ್ರೋಟೀನ್ ಗಟ್ಟಿ ತೋಫುವಿನ ಅರ್ಧದಷ್ಟೇ. ಬ್ರ್ಯಾಂಡಿನಿಂದ ಬ್ರ್ಯಾಂಡಿಗೂ ಅಂಕಿ ಬದಲಾಗುವುದರಿಂದ ಪೊಟ್ಟಣದ ಹಿಂಬದಿ ಓದಿಯೇ ಕೊಳ್ಳಿ.