ಚರಂಡಿ ಇದೆ, ಸರಿ. ಅದು ಎಲ್ಲಿಗೆ ಹೋಗುತ್ತೆ?

ಕುಶಾಲನಗರದಲ್ಲಿ ಬಾಡಿಗೆ ಮನೆ ನೋಡೋಕೆ ಹೋದವರು ಕೇಳೋದು ಒಂದೇ: ‘ಮಳೆ ಬಂದ್ರೆ ಇಲ್ಲಿ ನೀರು ನಿಲ್ಲುತ್ತಾ?’ ಓನರ್ ‘ಇಲ್ಲ, ಚರಂಡಿ ಇದೆ’ ಅಂತಾರೆ. ಅದು ಸುಳ್ಳಾಗಿರಬೇಕಿಲ್ಲ. ಆದರೆ 2018 ಮತ್ತು 2019ರ ಆಗಸ್ಟ್‌ನಲ್ಲಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಯಂಥ ಕಡೆ ಮನೆಗಳಿಗೆ ನುಗ್ಗಿದ್ದು ಬೀದಿಗೆ ಬಿದ್ದ ಮಳೆಯಲ್ಲ, ಕಾವೇರಿ.

ಇಲ್ಲಿ ಹಾರಂಗಿಯ ಪಾತ್ರ ವಿಚಿತ್ರ. ಜಲಾಶಯದ ನೀರು ಕುಶಾಲನಗರದ ಮೂಲಕ ಹರಿಯೋದಿಲ್ಲ. ಊರು ದಾಟಿ ಮುಂದೆ, ಕೂಡಿಗೆಯಲ್ಲಿ ಹಾರಂಗಿ ನದಿ ಕಾವೇರಿಯನ್ನು ಸೇರುತ್ತೆ. ಗರಿಷ್ಠ ಮಟ್ಟವಾದ 2,859 ಅಡಿ ಹತ್ತಿರವಾದಾಗ ಅಣೆಕಟ್ಟಿನ ಗೇಟು ತೆರೆಯುತ್ತಾರೆ, ಸಂಗಮದಲ್ಲಿ ನೀರು ಏರುತ್ತೆ. ಅದೇ ಹೊತ್ತಿಗೆ ಭಾಗಮಂಡಲದ ಕಡೆಯಿಂದ ಕಾವೇರಿಯೂ ತುಂಬಿ ಬಂದರೆ, ಅದಕ್ಕೆ ಮುಂದೆ ಸಲೀಸಾಗಿ ಹೋಗಲು ದಾರಿ ಇಲ್ಲ. ನೀರು ಹಿಂದಕ್ಕೆ ಒತ್ತಿಕೊಂಡು ಮೇಲೇರುತ್ತೆ. ಊರಲ್ಲಿ ಬಿಸಿಲಿದ್ದರೂ ಇದು ಆಗಬಹುದು.

ಚರಂಡಿಗೆ ಇಳಿಜಾರಷ್ಟೇ ಗೊತ್ತು, ದಿಕ್ಕು ಗೊತ್ತಿಲ್ಲ. ಒಂದು ಲೆಕ್ಕ ಹಾಕೋಣ. ಮನೆ ಮುಂದೆ ಚರಂಡಿ 60 ಸೆಂ.ಮೀ. ಆಳ ಇದೆ, 200 ಮೀಟರ್ ಹರಿದು ಹೊಳೆ ಸೇರುತ್ತೆ, ಪ್ರತಿ 200 ಮೀಟರ್‌ಗೆ 1 ಮೀಟರ್ ಇಳಿಯುತ್ತೆ ಅಂದುಕೊಳ್ಳಿ. ಅಂದರೆ ಅದರ ಬಾಯಿಯ ತಳ ನಿಮ್ಮ ರಸ್ತೆಗಿಂತ 1.6 ಮೀಟರ್ ಕೆಳಗೆ. ಆ ತಳದಿಂದ ಹೊಳೆ 1 ಮೀಟರ್ ಏರಿದಾಗಲೇ ನೀರು ಚರಂಡಿಯೊಳಗೆ ನಿಮ್ಮ ಮನೆ ಮುಂದೆ ಬಂದು ನಿಂತಿರುತ್ತೆ. ಇನ್ನು 60 ಸೆಂ.ಮೀ. ಏರಿದರೆ ರಸ್ತೆ ಮೇಲೆ. ದಡ ಉಕ್ಕಲೇಬೇಕಂತಿಲ್ಲ.

ಬಾಯಿಗೆ ಒಂದೇ ಕಡೆ ತೆರೆಯುವ ಬಾಗಿಲು ಹಾಕಿದರೆ ಹೊಳೆ ಒಳಗೆ ಬರಲ್ಲ. ಆದರೆ ಅದು ಮುಚ್ಚಿದ್ದಾಗ ಬಡಾವಣೆಯ ಮಳೆನೀರೂ ಹೊರಗೆ ಹೋಗಲ್ಲ, ಪಂಪ್ ಬೇಕು.

ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆ ಚರಂಡಿ ಹಿಡಿದು ಕೊನೆತನಕ ನಡೆದು ಹೋಗಿ, ಬಾಯಿ ನೋಡಿ. ಆಮೇಲೆ ಮೂಲೆ ಅಂಗಡಿಯವರನ್ನು ಕೇಳಿ: ‘ಅಣ್ಣ, 2019ರಲ್ಲಿ ನೀರು ಯಾವ ಕಡೆಯಿಂದ ಬಂತು? ಎಲ್ಲಿವರೆಗೆ? ಎಷ್ಟು ದಿನ ಇತ್ತು?’ ‘ಮೋರಿಯಿಂದ ಉಕ್ಕಿತು’ ಅಂದರೆ ಮೇಲಿನ ಲೆಕ್ಕ ಅಲ್ಲಿಗೆ ಅನ್ವಯಿಸುತ್ತೆ. ಕಾಂಪೌಂಡ್ ಗೋಡೆಯಲ್ಲಿ ಒಂದೇ ಎತ್ತರಕ್ಕೆ ಎಳೆದಂತಿರುವ ಕೆಸರಿನ ಗೆರೆ, ಮೇಲಕ್ಕೆ ಸರಿಸಿದ ಕರೆಂಟ್ ಮೀಟರ್, ಆಮೇಲೆ ಎತ್ತರಿಸಿದ ಹೊಸ್ತಿಲು ಹುಡುಕಿ. ಹೊಸ ಪೇಂಟ್ ಒಂದು ಮನೆಯ ಗೆರೆ ಮುಚ್ಚಬಹುದು, ಇಡೀ ಬೀದಿಯದ್ದನ್ನಲ್ಲ. ನೆಲದಡಿಯ ಸಂಪ್‌ನ ಮುಚ್ಚಳ ಆ ಗೆರೆಗಿಂತ ಕೆಳಗಿದ್ದರೆ ಕುಡಿಯುವ ನೀರಿಗೂ ಚರಂಡಿ ನೀರು ಸೇರುತ್ತೆ.

ಇದು ಬಾಡಿಗೆದಾರರ ಜಾಣ್ಮೆಗಷ್ಟೇ ಬಿಡುವ ವಿಷಯವಲ್ಲ. ಬಡಾವಣೆಗೆ ಒಪ್ಪಿಗೆ ಕೊಟ್ಟಾಗ ಚರಂಡಿ ಬಾಯಿಯ ಮಟ್ಟ ಎಷ್ಟಿತ್ತು, ಪ್ರವಾಹದಲ್ಲಿ ಹೊಳೆಯ ಮಟ್ಟ ಎಷ್ಟು ಅಂತ ಲೆಕ್ಕ ಹಾಕಿದ್ದರು? ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಈ ಎರಡು ಅಂಕಿ ಕೇಳಬಹುದು.