ಮುಚ್ಚಲಾಗದ ತೂಬು

ಕಲ್ಕತ್ತೆಯ ವೈದ್ಯ ಶಂಭುನಾಥ ಡೇ ಕಾಲರಾದ ರೋಗಾಣುಗಳನ್ನು ಪೋಷಕ ದ್ರವದಲ್ಲಿ ಬೆಳೆಸಿದರು. ಆಮೇಲೆ ಒಂದೂ ರೋಗಾಣು ಉಳಿಯದ ಹಾಗೆ ಆ ದ್ರವವನ್ನು ಸೋಸಿದರು. ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು, ನಡುವಿನ ಜಾಗಕ್ಕೆ ಆ ತಿಳಿಯನ್ನು ಚುಚ್ಚಿದರು. ಮರುದಿನದ ಹೊತ್ತಿಗೆ ಕರುಳು ನೀರು ತುಂಬಿದ ಬಲೂನಿನಂತೆ ಉಬ್ಬಿತ್ತು. ರೋಗಾಣುವೇ ಇಲ್ಲದಿದ್ದರೂ ಅದು ಬಿಟ್ಟುಹೋದ ವಿಷವೊಂದೇ ಕರುಳಿನಿಂದ ನೀರು ಹರಿಸಬಲ್ಲದು ಎಂದು 1959ರಲ್ಲಿ ಅವರು ಪ್ರಕಟಿಸಿದರು.

ಕಾಲರಾ ತೀವ್ರವಾದರೆ ರೋಗಿಯ ದೇಹದಿಂದ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೋಗಬಹುದು. ಅಕ್ಕಚ್ಚಿನಂಥ ತೆಳು ಭೇದಿ ಅದು. ಇಷ್ಟಾದರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕರುಳಿನ ಒಳಪದರ ಹರಿದಿರುವುದಿಲ್ಲ, ಹುಣ್ಣಾಗಿರುವುದಿಲ್ಲ. ಹಾಗಾದರೆ ನೀರು ಯಾವ ದಾರಿಯಿಂದ ಬರುತ್ತದೆ? ಕರುಳಿನ ಕೋಶಗಳು ದಿನವೂ ಬಳಸುವ ದಾರಿಯಿಂದಲೇ ಬರುತ್ತದೆ. ಊಟ ಜಾರಲಿ, ಕಿಣ್ವಗಳು ಬೆರೆಯಲಿ ಎಂದು ಅವು ಆಗಾಗ ತೂಬು ತೆರೆದು ಒಂದಿಷ್ಟು ನೀರು ಬಿಡುತ್ತವೆ, ಮತ್ತೆ ಮುಚ್ಚುತ್ತವೆ. ಕಾಲರಾದಲ್ಲಿ ಕೆಡುವುದು ಈ ಮುಚ್ಚುವ ಕೆಲಸ.

ಮುಚ್ಚುವುದು ಹೇಗೆಂದು ತಿಳಿಯಬೇಕಾದರೆ ತೆರೆಯುವುದು ಹೇಗೆಂದು ಮೊದಲು ನೋಡಬೇಕು. ಅದು ಗೊತ್ತಾದದ್ದು ಕರುಳಿನಿಂದಲ್ಲ, ಯಕೃತ್ತಿನಿಂದ. ಬೀದಿಯಲ್ಲಿ ನಾಯಿ ಅಟ್ಟಿಸಿಕೊಂಡು ಬಂದಾಗ ರಕ್ತಕ್ಕೆ ಅಡ್ರಿನಲಿನ್ ಸೇರುತ್ತದೆ. ಯಕೃತ್ತು ತನ್ನಲ್ಲಿ ಗ್ಲೈಕೋಜೆನ್ ಆಗಿ ಕೂಡಿಟ್ಟ ಸಕ್ಕರೆಯನ್ನು ಬಿಡಿಸಿ ರಕ್ತಕ್ಕೆ ಸುರಿಯುತ್ತದೆ. ಅಂಥ ಗಾಬರಿಯ ಹೊತ್ತಿನಲ್ಲೂ ರಕ್ತದಲ್ಲಿ ಲಕ್ಷಗಟ್ಟಲೆ ಗ್ಲೂಕೋಸ್ ಅಣುಗಳಿಗೆ ಒಂದರಂತೆ ಮಾತ್ರ ಅಡ್ರಿನಲಿನ್ ಅಣು ಇರುತ್ತದೆ. ಅಷ್ಟು ಕಡಿಮೆ ಇರುವ ವಸ್ತು ಅಷ್ಟು ದೊಡ್ಡ ಕೆಲಸ ಹೇಗೆ ಮಾಡಿಸುತ್ತದೆ ಎಂಬುದು ಅಮೆರಿಕದ ಅರ್ಲ್ ಸದರ್‌ಲ್ಯಾಂಡ್ ಅವರನ್ನು ಕಾಡಿದ ಪ್ರಶ್ನೆ.

1950ರ ದಶಕದಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಅವರೂ ಥಿಯೋಡರ್ ರಾಲ್ ಅವರೂ ಮಾಡಿದ ಪ್ರಯೋಗ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಯಕೃತ್ತನ್ನು ಅರೆದು ಹಾರ್ಮೋನು ಹಾಕಿದರೆ ಗ್ಲೈಕೋಜೆನ್ ಕತ್ತರಿಸುವ ಕಿಣ್ವ ಚುರುಕಾಗುತ್ತಿತ್ತು. ಅರೆದದ್ದನ್ನು ಗಿರಗಿರನೆ ತಿರುಗಿಸಿ, ತಳಕ್ಕಿಳಿದ ಪೊರೆಯ ಚೂರುಗಳನ್ನು ತೆಗೆದುಬಿಟ್ಟರೆ ಹಾರ್ಮೋನು ಹಾಕಿದರೂ ಏನೂ ಆಗುತ್ತಿರಲಿಲ್ಲ. ಹಾಗಾದರೆ ಹಾರ್ಮೋನಿಗೆ ಬೇಕಾದದ್ದು ಪೊರೆಯಲ್ಲಿದೆ. ಮುಂದೆ ಅವರು ಪೊರೆಯ ಚೂರುಗಳಿಗಷ್ಟೇ ಹಾರ್ಮೋನನ್ನೂ ಎಟಿಪಿಯನ್ನೂ ಸೇರಿಸಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಕುದಿಸಿದರು. ಕುದಿಸಿದರೆ ಕಿಣ್ವಗಳೆಲ್ಲ ಸತ್ತಂತೆಯೇ. ಆದರೂ ಆ ಕುದಿಸಿದ ತಿಳಿಯನ್ನು ಪೊರೆಯಿಲ್ಲದ ಉಳಿದ ದ್ರವಕ್ಕೆ ಹಾಕಿದಾಗ ಕಿಣ್ವ ಎದ್ದು ಕುಳಿತಿತು. ಕುದಿಸಿದರೂ ಕೆಡದ ಯಾವುದೋ ಪುಟ್ಟ ಅಣುವೊಂದು ಪೊರೆಯ ಸುದ್ದಿಯನ್ನು ಒಳಕ್ಕೆ ಒಯ್ಯುತ್ತಿತ್ತು. ಅದೇ ಸೈಕ್ಲಿಕ್ ಎಎಂಪಿ. ಇದಕ್ಕಾಗಿ ಸದರ್‌ಲ್ಯಾಂಡ್ ಅವರಿಗೆ 1971ರಲ್ಲಿ ನೊಬೆಲ್ ಬಂತು.

ಸುದ್ದಿ ಕೈಯಿಂದ ಕೈಗೆ ಹೋಗುವ ಬಗೆ ಹೀಗೆ. ಅಡ್ರಿನಲಿನ್ ಕೋಶದೊಳಗೆ ಹೋಗುವುದೇ ಇಲ್ಲ. ಪೊರೆಯನ್ನು ಹೊಲಿಗೆಯ ದಾರದಂತೆ ಏಳು ಬಾರಿ ದಾಟಿ ನಿಂತ ಗ್ರಾಹಕ ಪ್ರೋಟೀನಿನ ಮೇಲೆ ಕೂರುತ್ತದೆ. ಇಂಥ ಏಳು ಹೊಲಿಗೆಯ ಗ್ರಾಹಕಗಳ ಸುಮಾರು 800 ಜೀನುಗಳು ನಮ್ಮಲ್ಲಿವೆ. ವಾಸನೆ ಹಿಡಿಯುವವೂ ಬೆಳಕು ಕಾಣುವವೂ ಇದೇ ಬಳಗದವು. ಅಡ್ರಿನಲಿನ್ ಕೂತಾಗ ಗ್ರಾಹಕದ ಒಳಬದಿ ತುಸು ಅಗಲಿಕೊಂಡು, ಅಲ್ಲಿಗೆ ಜಿ ಪ್ರೋಟೀನ್ ಬಂದು ಅಂಟುತ್ತದೆ. ಅದು ಮೂರು ತುಂಡುಗಳ ಪ್ರೋಟೀನು. ಅದರ ಆಲ್ಫಾ ತುಂಡು ಸುಮ್ಮನಿರುವಾಗ ಜಿಡಿಪಿ ಎಂಬ ಅಣುವನ್ನು ಹಿಡಿದುಕೊಂಡಿರುತ್ತದೆ. ಗ್ರಾಹಕ ಅದನ್ನು ಬಿಡಿಸುತ್ತದೆ. ಖಾಲಿಯಾದ ಜಾಗಕ್ಕೆ ಕೋಶದಲ್ಲಿ ಧಾರಾಳವಾಗಿರುವ ಜಿಟಿಪಿ ಬಂದು ಕೂರುತ್ತದೆ. ಆಗ ಆಲ್ಫಾ ತುಂಡು ಉಳಿದೆರಡರಿಂದ ಕಳಚಿಕೊಂಡು ಹೋಗಿ ಅಡೆನಿಲಿಲ್ ಸೈಕ್ಲೇಸ್ ಎಂಬ ಕಿಣ್ವವನ್ನು ತಟ್ಟುತ್ತದೆ. ಆ ಕಿಣ್ವ ಎಟಿಪಿಯನ್ನು ಒಂದರ ಮೇಲೊಂದರಂತೆ ಸೈಕ್ಲಿಕ್ ಎಎಂಪಿಯಾಗಿ ಮಾರ್ಪಡಿಸತೊಡಗುತ್ತದೆ.

ಸೈಕ್ಲಿಕ್ ಎಎಂಪಿ ಹುಡುಕಿಕೊಂಡು ಹೋಗುವುದು ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವವನ್ನು. ಇದರಲ್ಲಿ ಕೆಲಸ ಮಾಡುವ ತುಂಡುಗಳು ಎರಡು, ಅವುಗಳ ಬಾಯಿ ಕಟ್ಟಿ ಹಿಡಿದಿರುವ ತುಂಡುಗಳು ಎರಡು. ಹಿಡಿದಿರುವ ಒಂದೊಂದಕ್ಕೂ ಎರಡೆರಡರಂತೆ ನಾಲ್ಕು ಸೈಕ್ಲಿಕ್ ಎಎಂಪಿ ಅಣುಗಳು ಕೂತಾಗ ಹಿಡಿತ ಸಡಿಲವಾಗಿ ಕೆಲಸದ ತುಂಡುಗಳಿಗೆ ಬಿಡುವು ಸಿಗುತ್ತದೆ. ಅವುಗಳ ಕೆಲಸ ಒಂದೇ: ಇತರ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವುದು. ಯಕೃತ್ತಿನಲ್ಲಿ ಅವು ಇನ್ನೊಂದು ಕೈನೇಸಿಗೆ ಅಂಟಿಸುತ್ತವೆ, ಅದು ಫಾಸ್ಫೊರಿಲೇಸಿಗೆ ಅಂಟಿಸುತ್ತದೆ, ಫಾಸ್ಫೊರಿಲೇಸ್ ಗ್ಲೈಕೋಜೆನ್ ಕತ್ತರಿಸುತ್ತದೆ. ಗ್ಲೈಕೋಜೆನ್ ಕಟ್ಟುವ ಕಿಣ್ವಕ್ಕೂ ಫಾಸ್ಫೇಟ್ ಬಿದ್ದು ಅದು ಸುಮ್ಮನಾಗುತ್ತದೆ. ಮೆಟ್ಟಿಲಿಗೊಂದರಂತೆ ಸಂಖ್ಯೆ ಹಿಗ್ಗುವುದರಿಂದಲೇ ಬೆರಳೆಣಿಕೆಯ ಅಡ್ರಿನಲಿನ್‌ಗೆ ಸಕ್ಕರೆಯ ಹೊಳೆ ಹರಿಯುತ್ತದೆ. ಮನುಷ್ಯನ ಯಕೃತ್ತಿನಲ್ಲಿ ಇದೇ ದಾರಿಯನ್ನು ಉಪವಾಸದ ಹೊತ್ತಿನಲ್ಲಿ ಹೆಚ್ಚಾಗಿ ಬಳಸುವುದು ಗ್ಲುಕಗಾನ್. ಅಡ್ರಿನಲಿನ್ ಕ್ಯಾಲ್ಸಿಯಂ ಹಾದಿಯನ್ನೂ ಹಿಡಿಯುತ್ತದೆ.

ಹೀಗೆ ಹಿಗ್ಗುವ ಸುದ್ದಿಯನ್ನು ತಡೆಯುವವರಿಲ್ಲದಿದ್ದರೆ ನಾಯಿ ಓಡಿಹೋಗಿ ಗಂಟೆಗಳಾದರೂ ಸಕ್ಕರೆ ಸುರಿಯುತ್ತಲೇ ಇರಬೇಕಾಗಿತ್ತು. ಹಾಗಾಗದಂತೆ ಪ್ರತಿ ಮೆಟ್ಟಿಲಿಗೂ ಒಂದು ಅಗುಳಿ ಇದೆ. ನನಗೆ ಎಲ್ಲಕ್ಕಿಂತ ಚೆಲುವಾಗಿ ಕಾಣುವುದು ಜಿ ಪ್ರೋಟೀನಿನ ಅಗುಳಿ, ಏಕೆಂದರೆ ಅದು ಹೊರಗಿನಿಂದ ಯಾರೋ ಬಂದು ಹಾಕುವಂಥದ್ದಲ್ಲ. ಆಲ್ಫಾ ತುಂಡು ತಾನು ಹಿಡಿದ ಜಿಟಿಪಿಯ ಕೊನೆಯ ಫಾಸ್ಫೇಟನ್ನು ತಾನೇ ನಿಧಾನವಾಗಿ ಕಡಿಯುತ್ತದೆ. ಹತ್ತಿಪ್ಪತ್ತು ಸೆಕೆಂಡಿನಲ್ಲಿ ಜಿಟಿಪಿ ಜಿಡಿಪಿಯಾಗುತ್ತದೆ, ಆಲ್ಫಾ ಸೈಕ್ಲೇಸನ್ನು ಬಿಟ್ಟು ತನ್ನ ಜೊತೆಗಾರರ ಬಳಿಗೆ ಮರಳುತ್ತದೆ. ಹಾರ್ಮೋನು ಇನ್ನೂ ಇದ್ದರೆ ಮತ್ತೆ ಎದ್ದೇಳಬಹುದು. ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಈ ಕಿಣ್ವ ಬೇಕೆಂದೇ ನಿಧಾನ. ಆ ನಿಧಾನವೇ ಅದರ ಗಡಿಯಾರ.

ಜಿಟಿಪಿಗೆ ಇಲ್ಲೊಂದು ಪಾತ್ರ ಇದೆ ಎಂದು ಮೊದಲು ಹಿಡಿದವರು ಮಾರ್ಟಿನ್ ರಾಡ್‌ಬೆಲ್. ಪ್ರಯೋಗಗಳಲ್ಲಿ ಬಳಸುತ್ತಿದ್ದ ಎಟಿಪಿಯಲ್ಲೇ ಜಿಟಿಪಿ ಕಲಬೆರಕೆಯಾಗಿ ಸೇರಿತ್ತು, ಹಾಗಾಗಿ ಬಹಳ ಕಾಲ ಯಾರಿಗೂ ಅದರ ಅಗತ್ಯ ಕಂಡಿರಲಿಲ್ಲ. ಶುದ್ಧ ಎಟಿಪಿ ಬಳಸಿದಾಗ ಹಾರ್ಮೋನು ಸೋತಿತು, ಗುಟ್ಟು ರಟ್ಟಾಯಿತು. ಜಿ ಪ್ರೋಟೀನನ್ನು ಬೇರ್ಪಡಿಸಿ ಶುದ್ಧರೂಪದಲ್ಲಿ ತೋರಿಸಿದ ಆಲ್‌ಫ್ರೆಡ್ ಗಿಲ್‌ಮನ್ ಅವರೊಂದಿಗೆ ಅವರು 1994ರ ನೊಬೆಲ್ ಹಂಚಿಕೊಂಡರು.

ಗ್ರಾಹಕದ ಅಗುಳಿ ಬೇರೆ ಬಗೆಯದು. ಹಾರ್ಮೋನು ಕೂತು ಎಚ್ಚರವಾಗಿರುವ ಗ್ರಾಹಕವನ್ನೇ ಆರಿಸಿ ಅದರ ಒಳಗಿನ ಬಾಲಕ್ಕೆ ಫಾಸ್ಫೇಟ್ ಅಂಟಿಸುವ ಕೈನೇಸ್ ಒಂದಿದೆ. ಆ ಗುರುತು ಕಂಡು ಅರೆಸ್ಟಿನ್ ಎಂಬ ಪ್ರೋಟೀನು ಬಂದು, ಜಿ ಪ್ರೋಟೀನು ಕೂರುವ ಜಾಗವನ್ನೇ ಮುಚ್ಚಿ ನಿಲ್ಲುತ್ತದೆ. ಬಳಿಕ ಗ್ರಾಹಕವನ್ನು ಪೊರೆಯಿಂದ ಒಳಕ್ಕೆಳೆದುಕೊಂಡು ಹೋಗುತ್ತದೆ. ಉಬ್ಬಸದವರು ಬಳಸುವ ಸಾಲ್ಬ್ಯುಟಮಾಲ್ ಇನ್‌ಹೇಲರ್ ಶ್ವಾಸನಾಳದ ಸ್ನಾಯುವಿನಲ್ಲಿ ಇದೇ ಸೈಕ್ಲಿಕ್ ಎಎಂಪಿ ದಾರಿಯಿಂದ ಸಡಿಲಿಕೆ ತರುತ್ತದೆ. ಅದನ್ನು ಪದೇ ಪದೇ ಒತ್ತುತ್ತಿದ್ದರೆ ಪರಿಣಾಮ ಕುಗ್ಗುವುದಕ್ಕೆ ಗ್ರಾಹಕಗಳು ಹೀಗೆ ಬದಿಗೆ ಸರಿಯುವುದೂ ಒಂದು ಕಾರಣ.

ಆಗಲೇ ತಯಾರಾದ ಸೈಕ್ಲಿಕ್ ಎಎಂಪಿಯನ್ನು ಫಾಸ್ಫೊಡೈಎಸ್ಟರೇಸ್ ಕಿಣ್ವ ಕಡಿದು ಮಾಮೂಲಿ ಎಎಂಪಿ ಮಾಡುತ್ತದೆ. ಈ ಕಿಣ್ವದ ಕೆಲವು ಬಗೆಗಳಿಗೆ ಪ್ರೋಟೀನ್ ಕೈನೇಸ್ ಎ ತಾನೇ ಫಾಸ್ಫೇಟ್ ಅಂಟಿಸಿ ಚುರುಕುಗೊಳಿಸುತ್ತದೆ; ಎಂದರೆ ತನ್ನನ್ನು ಎಬ್ಬಿಸಿದ ಅಣುವಿಗೆ ತಾನೇ ಕತ್ತರಿ ಹಾಕಿಸುತ್ತದೆ. ಕೊನೆಗೆ ಫಾಸ್ಫಟೇಸುಗಳು ಅಂಟಿಸಿದ ಫಾಸ್ಫೇಟುಗಳನ್ನೆಲ್ಲ ಕಿತ್ತುಹಾಕಿದರೆ ಮನೆ ಮೊದಲಿನಂತೆ.

ಈಗ ಕರುಳಿಗೆ ಮರಳೋಣ. ಅಲ್ಲಿ ನರಗಳು ಬಿಡುವ ವಿಐಪಿ ಎಂಬ ಪುಟ್ಟ ಪೆಪ್ಟೈಡು ಕೋಶದ ಗ್ರಾಹಕವನ್ನು ತಟ್ಟುತ್ತದೆ. ಜಿ ಪ್ರೋಟೀನು, ಸೈಕ್ಲೇಸ್, ಸೈಕ್ಲಿಕ್ ಎಎಂಪಿ, ಪ್ರೋಟೀನ್ ಕೈನೇಸ್ ಎ, ಎಲ್ಲವೂ ಅವೇ. ಇಲ್ಲಿ ಕೈನೇಸ್ ಫಾಸ್ಫೇಟ್ ಅಂಟಿಸುವುದು ಸಿಎಫ್‌ಟಿಆರ್ ಎಂಬ ಕ್ಲೋರೈಡಿನ ತೂಬಿಗೆ. ತೂಬು ತೆರೆದು ಕ್ಲೋರೈಡ್ ಕರುಳಿನೊಳಕ್ಕೆ ಹರಿಯುತ್ತದೆ, ಅದರ ಹಿಂದೆ ಸೋಡಿಯಂ, ಇವೆರಡರ ಹಿಂದೆ ನೀರು. ಹತ್ತಿಪ್ಪತ್ತು ಸೆಕೆಂಡಿನ ಗಡಿಯಾರ ಸರಿಯಿದ್ದರೆ ವಿಐಪಿ ಹೋದ ಮೇಲೆ ತೂಬು ಮುಚ್ಚುತ್ತದೆ.

ಕಾಲರಾ ವಿಷ ಕೈ ಹಾಕುವುದು ಈ ಗಡಿಯಾರಕ್ಕೇ. ಅದರ ಐದು ತುಂಡುಗಳ ಉಂಗುರ ಕೋಶದ ಮೇಲಿನ ಒಂದು ಕೊಬ್ಬಿನ ಅಣುವಿಗೆ ಅಂಟಿಕೊಳ್ಳುತ್ತದೆ, ಕೋಶವೇ ಅದನ್ನು ಒಳಗೆ ಕರೆದುಕೊಳ್ಳುತ್ತದೆ. ಒಳಗೆ ಬೇರ್ಪಟ್ಟ ಇನ್ನೊಂದು ತುಂಡು ಕಿಣ್ವವಾಗಿ ಕೆಲಸ ಶುರುಮಾಡುತ್ತದೆ. ಜಿ ಪ್ರೋಟೀನಿನ ಆಲ್ಫಾ ತುಂಡಿನಲ್ಲಿ 201ನೆಯ ಸ್ಥಾನದಲ್ಲಿರುವ ಅರ್ಜಿನೈನ್ ಜಿಟಿಪಿ ಕಡಿಯಲು ಬೇಕೇಬೇಕು. ವಿಷ ಅದೇ ಅರ್ಜಿನೈನಿಗೆ ಎಡಿಪಿ ರೈಬೋಸ್ ಎಂಬ ಭಾರೀ ಗಂಟನ್ನು ಕಟ್ಟಿಬಿಡುತ್ತದೆ. ಆಲ್ಫಾ ಜಿಟಿಪಿ ಹಿಡಿದೇ ಉಳಿಯುತ್ತದೆ, ಕಡಿಯಲಾರದು, ಮರಳಲಾರದು. ಸೈಕ್ಲೇಸ್ ದುಡಿಯುತ್ತಲೇ ಇರುತ್ತದೆ, ಫಾಸ್ಫೊಡೈಎಸ್ಟರೇಸ್ ಕಡಿದಷ್ಟೂ ಹೊಸ ಸೈಕ್ಲಿಕ್ ಎಎಂಪಿ ಹುಟ್ಟುತ್ತದೆ. ಈ ಅಗುಳಿ ಗ್ರಾಹಕದ ಕೆಳಗಿನದು, ಆದ್ದರಿಂದ ಅರೆಸ್ಟಿನ್ ಬಂದು ಗ್ರಾಹಕವನ್ನು ಮುಚ್ಚಿದರೂ ಪ್ರಯೋಜನವಿಲ್ಲ. ಸಾಲದ್ದಕ್ಕೆ ಕರುಳು ಉಪ್ಪನ್ನು ಒಳಕ್ಕೆಳೆದುಕೊಳ್ಳುವ ಮಾಮೂಲಿ ದಾರಿಯನ್ನೂ ಇದೇ ಕೈನೇಸ್ ಕುಗ್ಗಿಸುತ್ತದೆ.

ಇದೇ 201ನೆಯ ಅರ್ಜಿನೈನ್ ಭ್ರೂಣದಲ್ಲಿ ಯಾವುದೋ ಒಂದು ಕೋಶದ ಜೀನಿನಲ್ಲಿ ಬದಲಾದರೆ, ಆ ಕೋಶದ ಪೀಳಿಗೆಯಲ್ಲೆಲ್ಲ ಅಗುಳಿ ತೆರೆದೇ ಇರುತ್ತದೆ. ಮಗುವಿನ ಮೈಮೇಲೆ ಕಾಫಿಬಣ್ಣದ ಮಚ್ಚೆಗಳು, ಮೂಳೆಯಲ್ಲಿ ನಾರಿನಂಥ ದುರ್ಬಲ ಜಾಗಗಳು, ತೀರ ಚಿಕ್ಕ ವಯಸ್ಸಿನಲ್ಲೇ ಹರೆಯದ ಲಕ್ಷಣಗಳು ಕಾಣಿಸಬಹುದು. ಮೆಕ್ಯೂನ್-ಆಲ್ಬ್ರೈಟ್ ಸಿಂಡ್ರೋಮ್ ಎಂದು ಅದರ ಹೆಸರು. ಅಪರೂಪದ ಕಾಯಿಲೆ, ಆದರೆ ಕಾಲರಾಕ್ಕೆ ಇಷ್ಟು ಹತ್ತಿರದ ನೆಂಟ ಎಂದು ನೋಟಕ್ಕೆ ಯಾರಿಗೂ ತೋಚುವುದಿಲ್ಲ.

ಒಂದು ಸಲ ಗಂಟು ಬಿದ್ದ ಅಗುಳಿಯನ್ನು ಬಿಡಿಸುವ ಔಷಧ ಇಲ್ಲ. ಆ್ಯಂಟಿಬಯಾಟಿಕ್ ರೋಗಾಣುವನ್ನು ಕೊಲ್ಲುತ್ತದೆ, ಹೊಸ ವಿಷ ಹುಟ್ಟುವುದನ್ನು ತಡೆಯುತ್ತದೆ, ಆಗಲೇ ಕಟ್ಟಿದ ಗಂಟನ್ನು ಮುಟ್ಟುವುದಿಲ್ಲ. ಆದರೆ ವಿಷ ಕೆಡಿಸದ ಒಂದು ಬಾಗಿಲಿದೆ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಮಾತ್ರ ತೆರೆಯುವ ಬಾಗಿಲು ಅದು, ಸೈಕ್ಲಿಕ್ ಎಎಂಪಿ ಎಷ್ಟೇ ಏರಿದರೂ ಕೆಲಸ ಮಾಡುತ್ತದೆ. ಒಂದರ ಜೊತೆ ಇನ್ನೊಂದು ಒಳಹೊಕ್ಕಾಗ ನೀರೂ ಹಿಂಬಾಲಿಸುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದಾಗ ದಿಲೀಪ್ ಮಹಾಲನಬಿಸ್ ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು.

ಆ ನೀರು ಭೇದಿಯನ್ನು ಒಡನೆ ನಿಲ್ಲಿಸುವುದಿಲ್ಲ. ಓಆರ್‌ಎಸ್ ಕುಡಿಸಿದರೂ ಹೋಗುವುದು ನಿಲ್ಲುತ್ತಿಲ್ಲವೆಂದು ಮನೆಯವರು ಗಾಬರಿಗೊಂಡು ಕೈಬಿಡುವುದುಂಟು. ಹೋದಷ್ಟನ್ನು ತುಂಬುತ್ತಿರುವುದೇ ಅದರ ಕೆಲಸ; ಹೆಚ್ಚು ಬಳಲಿದವರಿಗೆ ಮೊದಲು ಸಲೈನೇ ಬೇಕು. ಈ ನಡುವೆ ಕರುಳಿನ ಒಳಪದರ ತನ್ನ ಪಾಡಿಗೆ ತಾನು ಬದಲಾಗುತ್ತಿರುತ್ತದೆ. ಆರೋಗ್ಯವಂತರಲ್ಲೂ ಅದರ ಕೋಶಗಳು ಮೂರರಿಂದ ಐದು ದಿನ ಬಾಳಿ ಉದುರುತ್ತವೆ. ಗಂಟು ಬಿದ್ದ ಅಗುಳಿಯ ಹಳೆಯ ಕೋಶಗಳು ಹೀಗೇ ಉದುರಿ, ವಿಷ ಕಾಣದ ಹೊಸ ಕೋಶಗಳು ಮೇಲೇರಿ ಬಂದಂತೆ, ಒಂದೊಂದೇ ತೂಬು ಮುಚ್ಚತೊಡಗುತ್ತದೆ.